ಜನವರಿ 31ರ ನೋಟಿಸ್: ಜಂಟಿ ಪಹಣಿಯ ತೋಟವನ್ನು ಆಸ್ತಿ ವಿವರದಲ್ಲಿ ಹೇಗೆ ಬರೆಯುವುದು?

ತೋಟದಮನೆ · ಜನವರಿ 19, ರಾತ್ರಿ 9:40

ಕಾರವಾರದಲ್ಲಿ ಕೇಂದ್ರ ಸರ್ಕಾರದ ಒಂದು ಆಫೀಸಿನಲ್ಲಿ ಕೆಲಸ, ಗ್ರೂಪ್ ಬಿ. ಇವತ್ತು ಮಧ್ಯಾಹ್ನ ಊಟ ಮುಗಿಸಿ ಬರುವಾಗ ಬೋರ್ಡಿಗೆ ಹೊಸ ನೋಟಿಸ್ ಬಿದ್ದಿತ್ತು. 2025ರ ಡಿಸೆಂಬರ್ 31ಕ್ಕೆ ಇದ್ದಂತೆ ಸ್ಥಿರಾಸ್ತಿ ವಿವರವನ್ನು ಜನವರಿ 31ರ ಒಳಗೆ ಕೊಡಬೇಕು, 'ಹಿಂದಿನ ವರ್ಷದಂತೆ' ಎಂದು ಬರೆದರೆ ತೆಗೆದುಕೊಳ್ಳುವುದಿಲ್ಲ, ಮನೆಯವರು ಯಾರಾದರೂ ವ್ಯಾಪಾರ ಅಥವಾ ಏಜೆನ್ಸಿ ಮಾಡುತ್ತಿದ್ದರೆ ಅದನ್ನೂ ತಿಳಿಸಬೇಕು, ಇಷ್ಟು. ಪ್ರತಿ ವರ್ಷ ಬರುವ ನೋಟಿಸೇ. ನಾನೂ ಪ್ರತಿ ವರ್ಷ 'ಇಲ್ಲ' ಅಂತ ಬರೆದು ಸಹಿ ಹಾಕಿ ಕೊಟ್ಟು ಬರುವವನೇ.

ಈ ಸಲ ಮಾತ್ರ ಕೈ ತಡೆಯಿತು. ಅಪ್ಪಯ್ಯ 2023ರ ಜೂನ್‌ನಲ್ಲಿ ತೀರಿಕೊಂಡರು. ಶಿರಸಿ ತಾಲೂಕಿನಲ್ಲಿ ನಮ್ಮದು 1 ಎಕರೆ 20 ಗುಂಟೆ ಅಡಿಕೆ ತೋಟ, 30 ಗುಂಟೆ ಗದ್ದೆ, ಅಜ್ಜ ಕಟ್ಟಿಸಿದ ಮನೆ. 2024ರ ಫೆಬ್ರವರಿಯಲ್ಲಿ ಅಣ್ಣ ಓಡಾಡಿ ವಾರಸಾ ಮಾಡಿಸಿದ. ಈಗ ಪಹಣಿಯಲ್ಲಿ ಆಯಿ, ಅಣ್ಣ, ನಾನು, ತಂಗಿ ನಾಲ್ವರ ಹೆಸರೂ ಜಂಟಿಯಾಗಿ ಇದೆ. ಪಾಲಾಗಿಲ್ಲ, ಆಗುವ ಮಾತೂ ಇಲ್ಲ. ತೋಟ ನೋಡಿಕೊಳ್ಳುವವನು ಅಣ್ಣ.

ನನ್ನ ತಲೆಯಲ್ಲಿ ಅದು ಅಣ್ಣನ ತೋಟ. ಹಾಗಾಗಿ ಎರಡು ವರ್ಷ 'ಇಲ್ಲ' ಅಂತಲೇ ಬರೆದೆ. ನಿನ್ನೆ ಬೇರೆ ಕೆಲಸಕ್ಕೆ ಭೂಮಿ ತಾಣದಲ್ಲಿ ಪಹಣಿ ತೆಗೆದು ನೋಡುತ್ತೇನೆ, ನನ್ನ ಹೆಸರು ಕಣ್ಣಿಗೆ ಹೊಡೆಯುವ ಹಾಗೆ ಕೂತಿದೆ. ಈಗ ಏನು ಬರೆಯಲಿ? ನನ್ನ ಪಾಲು ಎಷ್ಟು ಅಂತ ನನಗೇ ಗೊತ್ತಿಲ್ಲ. ಹಿಂದೆ ಬರೆದ ಎರಡು 'ಇಲ್ಲ' ಕುತ್ತಿಗೆಗೆ ಬರುತ್ತದಾ?

ಬೈತಖೋಲ್ ಭಾವ · ಜನವರಿ 19, ರಾತ್ರಿ 10:05

ಮಾರಾಯ್ರೆ, ಇಷ್ಟು ಯೋಚನೆ ಯಾಕೆ? ಈ ಆಸ್ತಿ ಘೋಷಣೆಯ ಗಡುವನ್ನು 2016ರಲ್ಲೇ ಮುಂದಕ್ಕೆ ಹಾಕಿದ್ದಾರೆ. ಹೊಸ ಫಾರಂ ಬರುವವರೆಗೆ ಯಾರೂ ಕೊಡಬೇಕಾಗಿಲ್ಲ. ಆಗ ನಮ್ಮಲ್ಲಿ ಹೆಂಡತಿಯ ಬಳೆ, ಬೈಕು, ಎಲ್ಲಾ ತುಂಬಿಸಿ ಕೊಟ್ಟವರು ಸುಮ್ನೆ ಬೆಪ್ಪಾದರು. ನೋಟಿಸ್ ಹಾಕುವವರು ಹಳೇ ಕಾಗದವನ್ನೇ ತಾರೀಕು ಬದಲಿಸಿ ಹಾಕುತ್ತಾರೆ.

ಹಳೇ ಫೈಲು · ಜನವರಿ 19, ರಾತ್ರಿ 10:50

ಭಾವ, ನೀವು ಹೇಳುತ್ತಿರುವುದು ಬೇರೆ ಕಾಗದ. ಅದು 2013ರ ಲೋಕಪಾಲ ಕಾಯ್ದೆಯ 44ನೇ ಕಲಮಿನದು. ಅದರ ಗಡುವು ಜುಲೈ 31 ಇತ್ತು, ಚರಾಸ್ತಿ, ಸಾಲ ಎಲ್ಲವನ್ನೂ ಕೇಳುತ್ತಿದ್ದರು. 2016ರ ತಿದ್ದುಪಡಿಯ ನಂತರ ನಿಂತದ್ದು ಅದು. ಜನವರಿ 31ರದ್ದು 1964ರ ನಡತೆ ನಿಯಮಗಳ 18ನೇ ನಿಯಮದ್ದು. ಅದು ಒಂದು ವರ್ಷವೂ ನಿಂತಿಲ್ಲ. ನಾನು ಆಡಳಿತ ಶಾಖೆಯಲ್ಲಿ ಇದೇ ಫಾರಂಗಳನ್ನು ಹೊಲಿದು ಫೈಲು ಮಾಡಿ ನಿವೃತ್ತನಾದವನು. ಈ ಎರಡನ್ನು ಒಂದೇ ಅಂದುಕೊಂಡು ಕೊಡದೆ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಬಡ್ತಿಯ ಪಟ್ಟಿ ಮಾಡುವಾಗ ವಿಜಿಲೆನ್ಸ್ ಕ್ಲಿಯರೆನ್ಸ್ ಕೇಳುತ್ತಾರಲ್ಲ, ಆಗ ಇವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿತ್ತು.

ತೋಟದಮನೆಯವರೇ, ನಿಮ್ಮ ಪ್ರಶ್ನೆಗೆ ನಾಳೆ ಕೂತು ಬರೆಯುತ್ತೇನೆ. ಈಗಲೇ ಒಂದು ಮಾತು. ಈ ವರ್ಷ ಜನವರಿ 31 ಶನಿವಾರ. ನಿಮ್ಮ ಆಫೀಸಿಗೆ ಶನಿವಾರ ರಜೆ ಇದ್ದರೆ 30ರ ಸಂಜೆಯೇ ನಿಮ್ಮ ಗಡುವು.

ಬನವಾಸಿ ಟೀಚರ್ · ಜನವರಿ 20, ಬೆಳಿಗ್ಗೆ 6:55

ನಮ್ಮ ಶಾಲೆಯಲ್ಲಿ ಇನ್ನೂ ಯಾರೂ ಹೇಳಿಲ್ಲವಲ್ಲ! ಜನವರಿ 31 ಅಂದರೆ ಹನ್ನೊಂದೇ ದಿನ. ಅಮ್ಮನ ಮನೆಯಿಂದ ಬಂದ ಚಿನ್ನ ಎಷ್ಟು ಗ್ರಾಂ ಅಂತ ಅಳೆಸಬೇಕಾ? ಬಿಲ್ ಒಂದೂ ಇಲ್ಲ, 1998ರ ಮದುವೆ.

ಹಳೇ ಫೈಲು · ಜನವರಿ 20, ಬೆಳಿಗ್ಗೆ 8:10

ಟೀಚರೇ, ಗಾಬರಿ ಬೇಡ. ನೀವು ರಾಜ್ಯ ಸರ್ಕಾರದವರು. ನಿಮಗೆ ರಾಜ್ಯದ್ದೇ 2021ರ ನಡತೆ ನಿಯಮಗಳಿವೆ, ಫಾರಂ ಬೇರೆ, ಅದರಲ್ಲಿ ಆಸ್ತಿ ಜೊತೆ ಸಾಲವನ್ನೂ ಬರೆಯಬೇಕು. ತಾರೀಕನ್ನು ನಿಮ್ಮ ಬಿಇಒ ಆಫೀಸಿನ ಸುತ್ತೋಲೆ ನೋಡಿ ಇಟ್ಟುಕೊಳ್ಳಿ. ಈ ಚರ್ಚೆಯಲ್ಲಿ ಹೇಳುತ್ತಿರುವುದು ಕೇಂದ್ರದ ನೌಕರರಿಗೆ. ಇದನ್ನು ನೋಡಿ ನಿಮ್ಮ ಫಾರಂ ತುಂಬಬೇಡಿ.

ಕುಮಟಾ ಕೋರ್ಟ್ ರಸ್ತೆ · ಜನವರಿ 20, ಬೆಳಿಗ್ಗೆ 9:30

ಮೂಲ ಪ್ರಶ್ನೆಗೆ ಉತ್ತರ ಬಹಳ ಸುಲಭ. ಉಯಿಲು ಇಲ್ಲದೆ ತೀರಿಕೊಂಡರೆ ಹೆಂಡತಿ ಮತ್ತು ಮಕ್ಕಳಿಗೆ ಸಮಪಾಲು. ವಾರಸುದಾರರು ನಾಲ್ವರು. 60 ಗುಂಟೆ ತೋಟದಲ್ಲಿ ನಿಮಗೆ 15 ಗುಂಟೆ, ಗದ್ದೆಯಲ್ಲಿ ಏಳೂವರೆ ಗುಂಟೆ. ಅಷ್ಟು ಬರೆಯಿರಿ, ಮುಗಿಯಿತು. ಉಳಿದವರ ಪಾಲನ್ನು ನಿಮ್ಮ ಫಾರಂನಲ್ಲಿ ಯಾಕೆ ಬರೆಯಬೇಕು? ನಿಮ್ಮ ಆಸ್ತಿ ಜಾಸ್ತಿ ಕಾಣಿಸುತ್ತದೆ ಅಷ್ಟೇ.

ಹಳೇ ಫೈಲು · ಜನವರಿ 20, ಮಧ್ಯಾಹ್ನ 3:20

ಕೋರ್ಟ್ ರಸ್ತೆಯವರ ಲೆಕ್ಕ ತಪ್ಪು ಅನ್ನುವುದಿಲ್ಲ, ಆದರೆ ಅದು ಜಮೀನು ಅಪ್ಪನ ಸ್ವಂತದ್ದು ಆಗಿದ್ದರೆ ಮಾತ್ರ ನೇರ. ಪಿತ್ರಾರ್ಜಿತ ಆಗಿದ್ದರೆ ಮೊದಲು ಅಪ್ಪನಿದ್ದಾಗ ಪಾಲಾಗಿದ್ದರೆ ಅವರಿಗೆ ಎಷ್ಟು ಬರುತ್ತಿತ್ತು ಅಂತ ಲೆಕ್ಕ ಹಾಕಿ, ಆ ತುಂಡನ್ನು ಮಾತ್ರ ವಾರಸುದಾರರಿಗೆ ಹಂಚಬೇಕು. ಅಪ್ಪ ಮತ್ತು ಮೂರು ಮಕ್ಕಳು ಅಂದರೆ 15 ಗುಂಟೆಯ ನಾಲ್ಕು ಪಾಲು. ಅಪ್ಪನ 15 ಗುಂಟೆ ಮತ್ತೆ ನಾಲ್ಕಾಗಿ, ಮಕ್ಕಳಿಗೆ ತಲಾ ಹದಿನೆಂಟೂ ಮುಕ್ಕಾಲು, ತಾಯಿಗೆ ಮೂರೂ ಮುಕ್ಕಾಲು. ಎಲ್ಲಿ 15, ಎಲ್ಲಿ ಹದಿನೆಂಟೂ ಮುಕ್ಕಾಲು.

ಈ ತಲೆನೋವನ್ನು ಆಸ್ತಿ ಫಾರಂ ನಿಮ್ಮ ಮೇಲೆ ಹಾಕುವುದೇ ಇಲ್ಲ, ಬಹಳ ಜನರಿಗೆ ಇದು ಗೊತ್ತಿಲ್ಲ. 18ನೇ ನಿಯಮದ ಕೆಳಗೆ ಸರ್ಕಾರದ ಒಂದು ಹಳೆಯ ತೀರ್ಮಾನ ಇದೆ. ಹಿಂದೂ ಅವಿಭಕ್ತ ಕುಟುಂಬದ ಸದಸ್ಯನಾಗಿ ನಡೆಯುವ ವ್ಯವಹಾರಕ್ಕೆ ಮುಂಚಿತ ಅನುಮತಿ ಬೇಡ. ಸ್ಥಿರಾಸ್ತಿ ಆದರೆ ಅದನ್ನು ವಾರ್ಷಿಕ ವಿವರದಲ್ಲಿ ಸೇರಿಸಬೇಕು. ತನ್ನ ಪಾಲು ಎಷ್ಟು ಅಂತ ನೌಕರನಿಗೆ ಹೇಳಲು ಆಗದಿದ್ದರೆ ಇಡೀ ಆಸ್ತಿಯ ವಿವರ ಕೊಟ್ಟು, ಅದರಲ್ಲಿ ಪಾಲುಳ್ಳವರ ಹೆಸರು ಬರೆದರೆ ಸಾಕು. ನಿಮ್ಮ ಪ್ರಶ್ನೆಗೆ ಅಳತೆ ಮಾಡಿ ಹೊಲಿದ ಹಾಗಿದೆ, ಅಲ್ವಾ?

ಇಡೀ 60 ಗುಂಟೆ ಬರೆದರೆ ಆಸ್ತಿ ಜಾಸ್ತಿ ಕಾಣಿಸುತ್ತದೆ ಎಂಬ ಹೆದರಿಕೆ ಬೇಡ. ಪಕ್ಕದಲ್ಲೇ ನಾಲ್ಕು ಹೆಸರು ಇರುತ್ತದಲ್ಲ. ನನ್ನ ಕಣ್ಣೆದುರು ನಡೆದ ತೊಂದರೆ ಇದರ ಉಲ್ಟಾ. ಒಬ್ಬರು ಲೆಕ್ಕ ಹಾಕಿ ಕಾಲು ಪಾಲು ಅಂತ ಬರೆದರು. ಐದು ವರ್ಷ ಬಿಟ್ಟು ಮನೆಯಲ್ಲಿ ಪಾಲಾದಾಗ ತಂಗಿ ಬಿಟ್ಟುಕೊಟ್ಟು ಇವರಿಗೆ ಮೂರನೇ ಒಂದು ಪಾಲು ಬಂತು. ಜಮೀನು ಹೇಗೆ ಬೆಳೆಯಿತು ಅಂತ ವಿವರಣೆ ಕೇಳಿದರು. ಇಡೀ ಆಸ್ತಿ ಬರೆದವರಿಗೆ ಆ ಪ್ರಶ್ನೆಯೇ ಬರುವುದಿಲ್ಲ.

ಕುಮಟಾ ಕೋರ್ಟ್ ರಸ್ತೆ · ಜನವರಿ 20, ಸಂಜೆ 6:15

ರಾಯರೇ, ಒಂದು ತಿದ್ದುಪಡಿ. ನಮ್ಮ ಜಿಲ್ಲೆ ಮುಂಚೆ ಮುಂಬೈ ಪ್ರಾಂತ್ಯದಲ್ಲಿತ್ತು. ಮುಂಬೈ ಪದ್ಧತಿಯಲ್ಲಿ ಪಾಲಾಗುವಾಗ ತಾಯಿಗೂ ಮಗನಷ್ಟೇ ಪಾಲು. 1978ರಲ್ಲಿ ಗುರುಪಾದ ಮಗ್ದುಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪಾಲನ್ನು ಲೆಕ್ಕಕ್ಕೆ ಹಿಡಿದಿದೆ. ಹಾಗೆ ನೋಡಿದರೆ ಮೊದಲು ಐದು ಪಾಲು, ತಲಾ 12 ಗುಂಟೆ. ಅಪ್ಪನ 12 ನಾಲ್ವರಿಗೆ ತಲಾ 3. ಎಲ್ಲರಿಗೂ 15! ನಾನು ಮೊದಲು ಹೇಳಿದ್ದೇ ಬಂತು ನೋಡಿ.

ಹಳೇ ಫೈಲು · ಜನವರಿ 20, ಸಂಜೆ 7:00

ಬಂತು, ಒಪ್ಪಿದೆ. ಆದರೆ ನೀವು ಬೆಳಿಗ್ಗೆ ಬಂದ ದಾರಿ ಬೇರೆ, ಸಂಜೆ ಬಂದ ದಾರಿ ಬೇರೆ. ವಕೀಲರ ಬೀದಿಯಲ್ಲೇ ಇರುವ ನಿಮಗೆ ಇಷ್ಟು ಸುತ್ತು ಬೇಕಾಯಿತು, ಫಾರಂ ತುಂಬುವ ಗುಮಾಸ್ತನ ಗತಿ ಏನು? ನಾಲ್ಕು ಹೆಸರು ಬರೆಯಲಿ ಬಿಡಿ.

ತೋಟದಮನೆ · ಜನವರಿ 20, ರಾತ್ರಿ 9:15

ಸರ್, ಅರ್ಧ ಭಾರ ಇಳಿಯಿತು. ಆದರೂ ಸಂಶಯ ಉಳಿದಿದೆ. ಗದ್ದೆ ಪಿತ್ರಾರ್ಜಿತವೂ ಅಲ್ಲ, ಕೊಂಡದ್ದೂ ಅಲ್ಲ. ಅಜ್ಜ ಗೇಣಿ ಮಾಡುತ್ತಿದ್ದ ಗದ್ದೆ, 1974ರ ನಂತರ ಫಾರಂ ನಂಬರ್ 7 ಕೊಟ್ಟು ಅಪ್ಪಯ್ಯನ ಹೆಸರಿಗೆ ಬಂದದ್ದು. ನಮ್ಮ ಕಡೆ ಇವತ್ತಿಗೂ ಅದನ್ನು ಡಿಕ್ಲರೇಶನ್ ಗದ್ದೆ ಅಂತಲೇ ಕರೆಯುತ್ತೇವೆ. ಡಿಕ್ಲರೇಶನ್‌ನಲ್ಲಿ ಬಂದ ಗದ್ದೆಯನ್ನು ನಾನು ಡಿಕ್ಲೇರ್ ಮಾಡದೆ ಬಿಟ್ಟಿದ್ದೇನೆ, ಅಣ್ಣನಿಗೆ ಹೇಳಿದರೆ ನಗುತ್ತಾನೆ.

ಇನ್ನೊಂದು, ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ಇದೆ, ಹನ್ನೊಂದು ಎಕರೆ ಚಿಲ್ಲರೆ. ಅದನ್ನೂ ಬರೆಯಬೇಕಾ? ಬರೆದರೆ ಒಂದೂವರೆ ಎಕರೆಯವನು ಹದಿಮೂರು ಎಕರೆಯ ಜಮೀನ್ದಾರ ಆಗಿಬಿಡುತ್ತೇನೆ. ಮತ್ತೆ ಬೆಲೆ ಏನಂತ ಹಾಕಲಿ? ನಮ್ಮ ಊರಲ್ಲಿ ಯಾರೂ ತೋಟ ಮಾರಿದ್ದನ್ನು ನಾನು ನೋಡಿಯೇ ಇಲ್ಲ.

ಹಳೇ ಫೈಲು · ಜನವರಿ 21, ಬೆಳಿಗ್ಗೆ 10:40

ಬೆಟ್ಟದಿಂದ ಶುರು ಮಾಡುತ್ತೇನೆ. ಕಾರವಾರದಲ್ಲಿ ಕೂತ ಹೊರರಾಜ್ಯದ ಅಧಿಕಾರಿಗಳಿಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕಾಗಿ ಹೋಗಿತ್ತು. ಸೊಪ್ಪಿನ ಬೆಟ್ಟ ಮಾಲ್ಕಿ ಅಲ್ಲ. ನೆಲ ಸರ್ಕಾರದ್ದು. ತೋಟದವರಿಗೆ ಅಲ್ಲಿ ಸೊಪ್ಪು, ದರಕು ತರುವ ಹಕ್ಕು ಮಾತ್ರ, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಅಂತ ಹಿಂದಿನಿಂದ ಬಂದ ಲೆಕ್ಕ. ಹಾಗಾಗಿ ಜಮೀನಿನ ಕಾಲಮಿನಲ್ಲಿ ಹಾಕಬೇಡಿ. ಕೊನೆಯ ಷರಾ ಕಾಲಮಿನಲ್ಲಿ 'ಈ ತೋಟಕ್ಕೆ ಬೆಟ್ಟ ಸೌಲಭ್ಯ ಇದೆ, ಒಡೆತನ ಇಲ್ಲ' ಎಂದು ಒಂದು ಸಾಲು ಬರೆಯಿರಿ. ಪೂರ್ತಿ ಬಿಡುವುದಕ್ಕಿಂತ ಅದು ಒಳ್ಳೆಯದು. ಪಹಣಿ ತೆಗೆದು ನೋಡಿದವರಿಗೆ ಬೆಟ್ಟದ ಸರ್ವೆ ನಂಬರಿನಲ್ಲೂ ನಿಮ್ಮ ಮನೆಯವರ ಹೆಸರು ಕಂಡರೆ ಸಂಶಯ ಬರಬಾರದು.

ಗದ್ದೆ ಹೇಗೆ ಬಂತು ಎನ್ನುವ ಕಾಲಮಿನಲ್ಲಿ ಡಿಕ್ಲರೇಶನ್ ಕಥೆ ಬೇಡ. ಅದು ಅಪ್ಪನಿಗೆ ಬಂದ ದಾರಿ. ನಿಮಗೆ ಬಂದ ದಾರಿ ವಾರಸಾ. ತೋಟಕ್ಕೂ ಗದ್ದೆಗೂ ಒಂದೇ ಮಾತು: ತಂದೆಯ ಮರಣದಿಂದ ಉತ್ತರಾಧಿಕಾರ. ತಾರೀಕು ಕೇಳಿದಲ್ಲಿ ಎರಡನ್ನೂ ಹಾಕಿ, ತೀರಿಕೊಂಡ ತಾರೀಕು ಮತ್ತು ಪಹಣಿಯಲ್ಲಿರುವ ಮ್ಯುಟೇಶನ್ ನಂಬರ್, ಅದರ ತಾರೀಕು. ಬಹಳ ಜನ ಎರಡನೆಯದನ್ನು ಮಾತ್ರ ಹಾಕುತ್ತಾರೆ. ಹಕ್ಕು ಬರುವುದು ಸತ್ತ ದಿನ, ಪಹಣಿ ಆಮೇಲೆ ಅದನ್ನು ಬರೆದುಕೊಳ್ಳುತ್ತದೆ ಅಷ್ಟೇ.

ಬೆಲೆಗೆ ಕಷ್ಟಪಡಬೇಡಿ. ಸರಿಯಾಗಿ ಹೇಳಲು ಆಗದಿದ್ದರೆ ಈಗಿನ ಪರಿಸ್ಥಿತಿಗೆ ಅಂದಾಜು ಬೆಲೆ ಸಾಕು ಅಂತ ಫಾರಂ ಅಡಿಯಲ್ಲೇ ಅಚ್ಚಾಗಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಹಿಡಿಯಿರಿ, ಕಾವೇರಿ ತಾಣದಲ್ಲಿ ಊರಿನ ಹೆಸರು ಹಾಕಿದರೆ ಸಿಗುತ್ತದೆ. ನಿಮ್ಮ ಊರಲ್ಲಿ ಬಾಗಾಯ್ತು ಎಕರೆಗೆ 8 ಲಕ್ಷ ಅಂತ ಇದೆ ಅಂದುಕೊಳ್ಳಿ, ಒಂದೂವರೆ ಎಕರೆಗೆ 12 ಲಕ್ಷ. ಪಕ್ಕದಲ್ಲಿ 'ಅಂದಾಜು, ಮಾರ್ಗಸೂಚಿ ದರದಂತೆ' ಎಂದು ಬರೆಯಿರಿ. ಮುಂದಿನ ವರ್ಷ ದರ ಏರಿ 14 ಆದರೂ ಯಾಕೆ ಏರಿತು ಅಂತ ಯಾರೂ ಕೇಳುವುದಿಲ್ಲ, ಉತ್ತರ ಅಲ್ಲೇ ಇದೆ. ಮನಸ್ಸಿಗೆ ಬಂದದ್ದನ್ನು ಹಾಕಿದರೆ ಪ್ರತಿ ವರ್ಷ ಏನು ಹಾಕಿದ್ದೆ ಅಂತ ನೆನಪಿಟ್ಟುಕೊಳ್ಳಬೇಕು.

ಸದಾಶಿವಗಡ 91 · ಜನವರಿ 21, ಮಧ್ಯಾಹ್ನ 1:30

ನಡುವೆ ಬರುತ್ತಿದ್ದೇನೆ, ಬೈಯಬೇಡಿ. ನಾನು ಗ್ರೂಪ್ ಸಿ, ಬೇಸಿಕ್ 25,500. ನಮ್ಮ ಆಫೀಸಿನಲ್ಲಿ ಎಲ್ಲರ ಕೈಗೂ ಇದೇ ಫಾರಂ ಕೊಟ್ಟಿದ್ದಾರೆ. ನನ್ನ ಹೆಸರಿನಲ್ಲಿ ನೆಲ ಅಂತ ಇರುವುದು ಚಪ್ಪಲಿ ಬಿಡುವ ಜಾಗವೂ ಇಲ್ಲ. ನವೆಂಬರ್‌ನಲ್ಲಿ 1,12,000 ಕೊಟ್ಟು ಸ್ಕೂಟರ್ ತಗೊಂಡೆ. ಅದನ್ನು ಬರೆಯಬೇಕಾ?

ಹಳೇ ಫೈಲು · ಜನವರಿ 21, ಮಧ್ಯಾಹ್ನ 2:45

ವಾರ್ಷಿಕ ಸ್ಥಿರಾಸ್ತಿ ವಿವರ ಗ್ರೂಪ್ ಎ ಮತ್ತು ಬಿ ಅವರಿಗೆ. ನಿಮಗೆ ಅದು ಕಡ್ಡಾಯ ಅಲ್ಲ, ಆಫೀಸಿನವರು ಕೇಳಿದರೆ 'ಇಲ್ಲ' ಎಂದು ಕೊಟ್ಟರೆ ನಷ್ಟವೂ ಇಲ್ಲ. ಆದರೆ ತಮ್ಮಾ, ಸ್ಕೂಟರ್ ಆ ಫಾರಂನದ್ದೇ ಅಲ್ಲ. ಚರಾಸ್ತಿಯ ಒಂದು ವ್ಯವಹಾರ ನಿಮ್ಮ ಎರಡು ತಿಂಗಳ ಬೇಸಿಕ್ ದಾಟಿದರೆ ಒಂದು ತಿಂಗಳೊಳಗೆ ತಿಳಿಸಬೇಕು, ಅದು ಎಲ್ಲ ಗ್ರೂಪಿಗೂ. ನಿಮಗೆ ಗೆರೆ 51,000. ನವೆಂಬರ್‌ದ್ದು ಅಂದರೆ ತಿಂಗಳು ಆಗಲೇ ದಾಟಿತು. ನಾಳೆಯೇ ಕೊಡಿ, ತಡವಾದದ್ದಕ್ಕೆ ಒಂದು ಸಾಲು ಕಾರಣ ಬರೆಯಿರಿ. ಸಾಲ ಮಾಡಿದ್ದರೆ ಬ್ಯಾಂಕಿನ ಕಾಗದದ ಪ್ರತಿಯನ್ನೂ ಹಚ್ಚಿ. ದುಡ್ಡು ಎಲ್ಲಿಂದ ಬಂತು ಅನ್ನುವುದೇ ಅವರಿಗೆ ಮುಖ್ಯ.

ಸದಾಶಿವಗಡ 91 · ಜನವರಿ 21, ಮಧ್ಯಾಹ್ನ 3:05

ಮ್ಯೂಚುವಲ್ ಫಂಡ್ ತಿಂಗಳಿಗೆ 3,000 ಹೋಗುತ್ತದೆ, ಅದು?

ಹಳೇ ಫೈಲು · ಜನವರಿ 21, ಸಂಜೆ 5:30

ವರ್ಷದಲ್ಲಿ ಷೇರು, ಫಂಡು ಎಲ್ಲ ಸೇರಿ ಆರು ತಿಂಗಳ ಬೇಸಿಕ್ ದಾಟಿದರೆ ಮಾತ್ರ ಅದರದ್ದೇ ಬೇರೆ ನಮೂನೆ, ಅದಕ್ಕೂ ಜನವರಿ 31. 2019ರಲ್ಲಿ ಈ ಗೆರೆ ಏರಿಸಿದರು. ನಿಮಗೆ 1,53,000 ಆಗುತ್ತದೆ. 36,000ಕ್ಕೆ ಏನೂ ಬೇಡ.

ಅಂಕೋಲಾ ಅಕ್ಕ · ಜನವರಿ 22, ರಾತ್ರಿ 8:20

ನೋಟಿಸಿನ ಎರಡನೇ ಭಾಗದ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಮನೆಯವರು ವಿಮಾ ಏಜೆಂಟರು, ಹದಿನಾಲ್ಕು ವರ್ಷದಿಂದ. ನಾನು ಕೇಂದ್ರ ಸರ್ಕಾರದ ಆಫೀಸಿನಲ್ಲಿ. ಕೆಲಸಕ್ಕೆ ಸೇರಿದಾಗ ಅವರು ಏಜೆಂಟರಾಗಿರಲಿಲ್ಲ, ಆಮೇಲೆ ನಾನು ತಿಳಿಸಿಯೂ ಇಲ್ಲ. ನಮ್ಮ ಸೆಕ್ಷನಿನಲ್ಲಿ ಏಳೆಂಟು ಜನರ ಪಾಲಿಸಿ ಅವರ ಮೂಲಕವೇ ಆದದ್ದು. ನಾನು ಯಾರನ್ನೂ ಒತ್ತಾಯ ಮಾಡಿಲ್ಲ. ಒಮ್ಮೊಮ್ಮೆ ಪ್ರೀಮಿಯಂ ರಶೀದಿ ಡಬ್ಬಿ ಚೀಲದಲ್ಲಿ ಹಾಕಿಕೊಂಡು ಹೋಗಿ ಕೊಟ್ಟಿದ್ದೇನೆ, ಅಷ್ಟೇ.

ಬೈತಖೋಲ್ ಭಾವ · ಜನವರಿ 22, ರಾತ್ರಿ 8:45

ಗಂಡನ ವ್ಯಾಪಾರ ಗಂಡನದ್ದು ಅಕ್ಕಾ. ಅದರಲ್ಲಿ ನಿಮ್ಮದೇನು?

ಹಳೇ ಫೈಲು · ಜನವರಿ 23, ಬೆಳಿಗ್ಗೆ 9:10

ಗಂಡ ಏಜೆಂಟ್ ಆಗುವುದು ತಪ್ಪಲ್ಲ, ಅದಕ್ಕೆ ಅನುಮತಿಯೂ ಬೇಡ. ಆದರೆ ಮನೆಯವರು ವ್ಯಾಪಾರ ಅಥವಾ ವಿಮಾ ಏಜೆನ್ಸಿ ನಡೆಸುತ್ತಿದ್ದರೆ ನೌಕರರು ತಿಳಿಸಲೇಬೇಕು ಅಂತ 15ನೇ ನಿಯಮದಲ್ಲಿದೆ. ಅದು ಒಂದು ಕಾಗದದ ಕೆಲಸ. ಅಕ್ಕಾ, ಆ ಒಂದು ಕಾಗದವನ್ನು ಈ ವಾರವೇ ಕೊಟ್ಟುಬಿಡಿ, ಯಾವ ವರ್ಷದಿಂದ ಅನ್ನುವುದನ್ನು ಸರಿಯಾಗಿ ಬರೆಯಿರಿ.

ನನಗೆ ಜಾಸ್ತಿ ಚಿಂತೆ ಆದದ್ದು ರಶೀದಿಯದ್ದು. ಮನೆಯವರ ಏಜೆನ್ಸಿಗಾಗಿ ನೌಕರರು ಗಿರಾಕಿ ಹಿಡಿದರೆ ಅದು ಸ್ವತಃ ನಿಯಮ ಮುರಿದ ಹಾಗೆ ಅಂತ ಅದೇ ನಿಯಮ ಹೇಳುತ್ತದೆ. ರಶೀದಿ ತಲುಪಿಸಿದ್ದು ಗಿರಾಕಿ ಹಿಡಿದ ಹಾಗಾ? ನಾನು ಅಲ್ಲ ಅನ್ನುತ್ತೇನೆ. ನಿಮ್ಮ ಮೇಲೆ ಸಿಟ್ಟಿರುವವನು ಹೌದು ಅನ್ನುತ್ತಾನೆ. ದೂರು ಬರೆಯುವವನು ಅವನೇ. ನಾಳೆಯಿಂದ ರಶೀದಿ ಡಬ್ಬಿ ಚೀಲಕ್ಕೆ ಬೇಡ.

ಅಂಕೋಲಾ ಅಕ್ಕ · ಜನವರಿ 23, ಬೆಳಿಗ್ಗೆ 9:40

ಹದಿನಾಲ್ಕು ವರ್ಷದ್ದು ಒಮ್ಮೆಗೇ ಬರೆದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಮೆಮೊ ಬರುವುದಿಲ್ಲವಾ?

ಹಳೇ ಫೈಲು · ಜನವರಿ 23, ಬೆಳಿಗ್ಗೆ 10:00

ಬರಬಹುದು. ನಾನು ನೋಡಿದಂತೆ ತಾವಾಗಿ ಬರೆದವರಿಗೆ ಎಚ್ಚರಿಕೆಯ ಮಾತಿನಲ್ಲಿ ಮುಗಿದಿದೆ. ಎಲ್ಲ ಕಡೆ ಹಾಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ.

ತೋಟದಮನೆ · ಜನವರಿ 26, ಮಧ್ಯಾಹ್ನ 12:10

ಮೂರು ದಿನ ರಜೆ ಸಿಕ್ಕಿತ್ತು, ಊರಿಗೆ ಬಂದು ಕೂತಿದ್ದೇನೆ. ಪಹಣಿ, ಮ್ಯುಟೇಶನ್ ಎಲ್ಲ ಕೈಯಲ್ಲಿದೆ. ಒಂದು ಕಾಲಮಿನಲ್ಲಿ ಸಿಕ್ಕಿಬಿದ್ದೆ: ವಾರ್ಷಿಕ ಆದಾಯ.

ಅಣ್ಣನ ಹತ್ತಿರ ಸೊಸೈಟಿಗೆ ಅಡಿಕೆ ಹಾಕಿದ ಪಟ್ಟಿ ಕೇಳಿದೆ. ಅವನು ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದವನು ಸುಣ್ಣದ ಬೆರಳನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದ. 'ಈಗ ಲೆಕ್ಕ ಕೇಳುವ ಹಾಗಾಯಿತಾ ನೀನು?' ಅಂದ. ಆಯಿ ಒಳಗಿಂದ ಬಂದು ನಿಂತರು. ಇದು ಆಫೀಸಿನ ಫಾರಂ, ಪಾಲಿನ ಮಾತಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ಚಹಾ ತಣ್ಣಗಾಗಿತ್ತು. ಕೊನೆಗೆ ಪಟ್ಟಿ ತಂದುಕೊಟ್ಟ. ಕೊಳೆ ಬಂದು ಅರ್ಧ ಬೆಳೆ ಹೋಗಿದೆ, ಕೊನೆಗೌಡರ ಕೂಲಿ, ಗೊಬ್ಬರ, ಔಷಧಿ ಹೊಡೆಸಿದ್ದು ಎಲ್ಲ ಕಳೆದರೆ ಅವನಿಗೆ ಉಳಿದದ್ದು ಬಹಳ ಇಲ್ಲ. ನನಗೆ ಬರುವುದು ವರ್ಷಕ್ಕೆ ಎರಡು ಸಲ ತೆಂಗಿನಕಾಯಿ, ಒಂದು ಚೀಲ ಅಕ್ಕಿ, ಮಿಡಿ ಉಪ್ಪಿನಕಾಯಿ. ಆದಾಯ ಸೊನ್ನೆ ಅಂತ ಬರೆಯಲಾ?

ಕುಮಟಾ ಕೋರ್ಟ್ ರಸ್ತೆ · ಜನವರಿ 26, ಮಧ್ಯಾಹ್ನ 1:00

ಸೊನ್ನೆ ಬರೆಯಿರಿ. ಕೈಗೆ ಬಾರದ್ದು ಆದಾಯ ಹೇಗಾಗುತ್ತದೆ?

ಹಳೇ ಫೈಲು · ಜನವರಿ 26, ಮಧ್ಯಾಹ್ನ 2:20

ಕಾಲಮ್ ಕೇಳುವುದು ಆಸ್ತಿಯಿಂದ ಬರುವ ವಾರ್ಷಿಕ ಆದಾಯ, ನಿಮ್ಮ ಕೈಗೆ ಬಂದದ್ದಲ್ಲ. ಒಂದೂವರೆ ಎಕರೆ ಅಡಿಕೆ ತೋಟಕ್ಕೆ ಸೊನ್ನೆ ಅಂದರೆ ಶಿರಸಿ ಕಡೆಯವನು ಯಾರಾದರೂ ಪರಿಶೀಲಿಸಿದರೆ ನಗುತ್ತಾನೆ. ನಾನಾದರೆ ಖರ್ಚು ಕಳೆದು ಉಳಿದ ಇಡೀ ಮೊತ್ತ ಬರೆದು, ಷರಾದಲ್ಲಿ 'ಸಾಗುವಳಿ ಅಣ್ಣನದ್ದು, ನಾನು ಪಾಲು ಪಡೆದಿಲ್ಲ' ಎನ್ನುತ್ತೇನೆ.

ಮಲ್ಲಾಪುರ ಕ್ವಾರ್ಟರ್ಸ್ · ಜನವರಿ 26, ಸಂಜೆ 4:45

ನಾನು ಕಂಪನಿಯ ನೌಕರ, ನಮ್ಮ ನಿಯಮ ಬೇರೆ, ಆದರೂ ಇದೇ ಜಾಗದಲ್ಲಿ ನಾನು ಎಡವಿದ್ದೆ. ಆಸ್ತಿ ಫಾರಂನಲ್ಲಿ ತೋಟದ ಆದಾಯ ಬರೆದೆ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಕೃಷಿ ಆದಾಯ ತೋರಿಸಲಿಲ್ಲ. ಕೃಷಿ ಆದಾಯ 5,000 ದಾಟಿದರೆ ITR-1 ಹಾಕುವ ಹಾಗಿಲ್ಲ. ತೆರಿಗೆ ಇಲ್ಲದಿದ್ದರೂ ತೋರಿಸಬೇಕು. ಹಾಗಾಗಿ ಒಂದು ಕಡೆ ಬರೆಯುವ ಮುಂಚೆ ಇನ್ನೊಂದು ಕಡೆ ಏನಿದೆ ನೋಡಿಕೊಳ್ಳಿ.

ತೋಟದಮನೆ · ಜನವರಿ 26, ಸಂಜೆ 5:20

ಅಯ್ಯೋ, ನಾನು ಪ್ರತಿ ವರ್ಷ ITR-1 ಹಾಕುವವನೇ. ಅಣ್ಣ ಬೆಳೆದು ಅಣ್ಣನೇ ತಿಂದ ಆದಾಯವನ್ನು ನಾನು ಯಾಕೆ ತೋರಿಸಬೇಕು? ರಿಟರ್ನ್ಸ್‌ನಲ್ಲಿ ಸೊನ್ನೆ, ಆಸ್ತಿ ಫಾರಂನಲ್ಲಿ ಇಡೀ ಮೊತ್ತ ಅಂದರೆ ನಾನೇ ಜಗಳ ತಂದುಕೊಂಡ ಹಾಗಾಗುತ್ತದೆ.

ಹಳೇ ಫೈಲು · ಜನವರಿ 26, ರಾತ್ರಿ 8:00

ತೆರಿಗೆಯ ಭಾಗವನ್ನು ಲೆಕ್ಕಪರಿಶೋಧಕರ ಹತ್ತಿರ ಕೇಳಿ, ಅದು ನನ್ನ ಮೇಜಿಗೆ ಬಂದ ವಿಷಯ ಅಲ್ಲ. ಆಸ್ತಿ ಫಾರಂನಲ್ಲಿ ಮಾತ್ರ ಷರಾ ಸಾಲು ಬಿಡಬೇಡಿ. ಮೊತ್ತ ಇಡೀ ಕುಟುಂಬದ್ದು, ನಿಮ್ಮದಲ್ಲ ಅಂತ ಓದಿದವರಿಗೆ ಗೊತ್ತಾಗಬೇಕು.

ಹಳೆಯ ಎರಡು 'ಇಲ್ಲ' ಬಗ್ಗೆ ಇನ್ನೂ ಹೇಳಿಲ್ಲ. ಹಳೆಯ ಫಾರಂ ವಾಪಸ್ ಕೇಳಬೇಡಿ, ಬದಲಿಸಿ ಕೊಡುತ್ತೇನೆ ಅನ್ನಲೂ ಬೇಡಿ. ಯಾರೋ ಗುಮಾಸ್ತರು ದಾಕ್ಷಿಣ್ಯಕ್ಕೆ ಒಪ್ಪಿ ಹಳೇ ತಾರೀಕಿನ ಕಾಗದ ಸೇರಿಸಿದರೆ ಇಬ್ಬರೂ ಮುಳುಗಿದ ಹಾಗೆ. ಈ ವರ್ಷದ ಫಾರಂ ಜೊತೆ ಒಂದು ಪತ್ರ ಇಡಿ. ತಂದೆ ಇಂಥ ದಿನ ತೀರಿಕೊಂಡರು, ಮ್ಯುಟೇಶನ್ ಇಂಥ ದಿನ ಆಯಿತು, 2023 ಮತ್ತು 2024ರ ವಿವರದಲ್ಲಿ ಕಣ್ತಪ್ಪಿನಿಂದ ಬಿಟ್ಟುಹೋಗಿದೆ, ಈಗ ಸೇರಿಸಿದ್ದೇನೆ, ಪಹಣಿ ಪ್ರತಿ ಲಗತ್ತಿಸಿದೆ. ನಾಲ್ಕು ಸಾಲು. ಉತ್ತರಾಧಿಕಾರದಲ್ಲಿ ಬಂದದ್ದಕ್ಕೆ ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆಯೇ ಇಲ್ಲ, ಅದಕ್ಕೇ ಇಂಥ ತಪ್ಪು ಹಗುರ. ಕೊಂಡ ಸೈಟನ್ನು ಬಿಟ್ಟಿದ್ದರೆ ನಾನು ಇಷ್ಟು ಸಲೀಸಾಗಿ ಮಾತಾಡುತ್ತಿರಲಿಲ್ಲ.

ಬನವಾಸಿ ಟೀಚರ್ · ಜನವರಿ 27, ಬೆಳಿಗ್ಗೆ 7:05

ಒಂದು ಕೇಳುತ್ತೇನೆ, ಕೋಪ ಬೇಡ. ತೋಟ ಪಿತ್ರಾರ್ಜಿತ ಅಂದರೆ ಅಪ್ಪ ಇರುವಾಗಲೇ ಮಕ್ಕಳಿಗೆ ಹಕ್ಕು ಇತ್ತಲ್ಲ? ಹಾಗಾದರೆ ಕೆಲಸಕ್ಕೆ ಸೇರಿದ ದಿನದಿಂದಲೇ ಬರೆಯಬೇಕಿತ್ತು ಅಂತ ಆಗುವುದಿಲ್ಲವಾ?

ಹಳೇ ಫೈಲು · ಜನವರಿ 27, ಬೆಳಿಗ್ಗೆ 8:30

ಟೀಚರೇ, ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಕೇಳಿದವರು ಇಬ್ಬರೇ. ಕಾನೂನಿನ ಮಾತಿನಲ್ಲಿ ನೀವು ಹೇಳುವುದರಲ್ಲಿ ಹುರುಳಿದೆ. ಅಜ್ಜನಿಂದ ಅಪ್ಪನಿಗೆ ಹೇಗೆ ಬಂತು ಅನ್ನುವುದರ ಮೇಲೆ ಅದು ನಿಂತಿದೆ. ಆಫೀಸಿನ ರೂಢಿಯಲ್ಲಿ ಪಹಣಿಯಲ್ಲಿ ಅಪ್ಪನ ಹೆಸರು ಮಾತ್ರ ಇರುವಾಗ ಮಗ ಬರೆದದ್ದನ್ನು ನಾನು ಕಂಡದ್ದು ಕಡಿಮೆ. ಬರೆದವರು ತಪ್ಪು ಮಾಡಿದರು ಅಂತಲೂ ಹೇಳಲಾರೆ.

ಕುಮಟಾ ಕೋರ್ಟ್ ರಸ್ತೆ · ಜನವರಿ 27, ಬೆಳಿಗ್ಗೆ 9:00

ಇದಕ್ಕೆ ನನ್ನ ಹತ್ತಿರ ಉತ್ತರ ಇದೆ, ಉದ್ದ ಆಗುತ್ತದೆ, ಸಂಜೆ ಬರೆಯುತ್ತೇನೆ.

ಬೈತಖೋಲ್ ಭಾವ · ಜನವರಿ 27, ಬೆಳಿಗ್ಗೆ 9:04

ಗುಂಟೆ ಲೆಕ್ಕ ಬೇಡ ಮಾರಾಯ್ರೆ, ಕೈಮುಗಿಯುತ್ತೇನೆ.

ತೋಟದಮನೆ · ಜನವರಿ 29, ರಾತ್ರಿ 9:30

ಕೊಟ್ಟು ಬಂದೆ. ತೋಟಕ್ಕೆ ಹೀಗೆ ಬರೆದೆ: ಉತ್ತರ ಕನ್ನಡ ಜಿಲ್ಲೆ, ಶಿರಸಿ ತಾಲೂಕು, ಊರು, ಸರ್ವೆ ನಂಬರ್. ಬಾಗಾಯ್ತು 1 ಎಕರೆ 20 ಗುಂಟೆ, ಇಡೀ ಕ್ಷೇತ್ರ. ಬೆಲೆ ಅಂದಾಜು, ಮಾರ್ಗಸೂಚಿ ದರದಂತೆ. ತಾಯಿ, ಅಣ್ಣ, ನಾನು, ತಂಗಿ ಜಂಟಿ, ಪಾಲಾಗಿಲ್ಲ, ನನ್ನ ಪಾಲು ನಿಗದಿಯಾಗಿಲ್ಲ. ತಂದೆಯ ಮರಣದಿಂದ ಉತ್ತರಾಧಿಕಾರ, ಎರಡೂ ತಾರೀಕು. ಆದಾಯ ಇಡೀ ಮೊತ್ತ, ಷರಾದಲ್ಲಿ ಅಣ್ಣನ ಸಾಗುವಳಿ ಮತ್ತು ಬೆಟ್ಟದ ಸಾಲು. ಗದ್ದೆಗೆ, ಮನೆಗೆ ಬೇರೆ ಬೇರೆ ಸಾಲು.

ಆಡಳಿತ ಶಾಖೆಯ ಮೇಡಂ ಪತ್ರ ಓದಿ, 'ಬೆಟ್ಟ ಅಂದರೆ ಹಿಲ್ ನಿಮ್ಮ ಹೆಸರಿನಲ್ಲಿದೆಯಾ?' ಅಂತ ಕೇಳಿದರು. ಐದು ನಿಮಿಷ ದರಕಿನ ಕಥೆ ಹೇಳಬೇಕಾಯಿತು. ಆಮೇಲೆ ನನ್ನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಒತ್ತಿ, ಆವಕ ನಂಬರ್ ಹಾಕಿಕೊಟ್ಟರು. ITR ವಿಷಯಕ್ಕೆ ಶನಿವಾರ ಒಬ್ಬರನ್ನು ಕಾಣಲು ಹೋಗುತ್ತಿದ್ದೇನೆ.

ಅಂಕೋಲಾ ಅಕ್ಕ · ಜನವರಿ 30, ಸಂಜೆ 6:10

ನಾನೂ ಇವತ್ತು ಕೊಟ್ಟೆ. ಮುದ್ರೆ ಒತ್ತಿದರು, ಏನೂ ಹೇಳಲಿಲ್ಲ.